ಕುತ್ತಿಗೆ ಸ್ಕ್ಯಾನ್‌ನಲ್ಲಿ ಕಂಡ 7 ಮಿಲಿಮೀಟರ್ ಥೈರಾಯ್ಡ್ ಗಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಕೇಂದ್ರದಲ್ಲಿ ರೇಡಿಯಾಲಜಿಸ್ಟ್. ವರದಿ ಕೈಗೆ ಬಂದ ಮೇಲೆ ಕಾರಿಡಾರಿನಲ್ಲೇ ನಿಂತು ಓದಿ, ಮತ್ತೆ ಬಾಗಿಲು ತಟ್ಟುವವರು ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಬರೆದುಕೊಂಡಿದ್ದೇನೆ. ಉತ್ತರಗಳಿಗೆ ಆಧಾರವಾಗಿ ಒಂದೇ ವರದಿಯನ್ನು ಇಟ್ಟುಕೊಂಡಿದ್ದೇನೆ. ಅದು ಯಾರೋ ಒಬ್ಬರದಲ್ಲ, ಹಲವರ ವರದಿಗಳನ್ನು ಕೂಡಿಸಿ ಮಾಡಿಕೊಂಡ ಉದಾಹರಣೆ. ಜಯನಗರದ 46 ವರ್ಷದ ಮಹಿಳೆಯೊಬ್ಬರು ಗಂಟಲು ನೋವಿನ ನಂತರ ದವಡೆಯ ಕೆಳಗೆ ಉಳಿದ ಗೆಡ್ಡೆಯನ್ನು ತೋರಿಸಲು ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಆ ಗೆಡ್ಡೆ ಸೋಂಕಿನಿಂದ ಊದಿಕೊಂಡ ಸಾಮಾನ್ಯ ದುಗ್ಧಗ್ರಂಥಿ ಎಂದು ತಿಳಿಯುತ್ತದೆ. ಆದರೆ ವರದಿಯ ಕೆಳಭಾಗದಲ್ಲಿ ಇನ್ನೊಂದು ಸಾಲು ಇರುತ್ತದೆ: "ರೈಟ್ ಲೋಬ್, ಮಿಡ್ ಪೋಲ್: 7 x 5 x 6 ಎಂಎಂ, ವೆಲ್ ಡಿಫೈನ್ಡ್, ಸಾಲಿಡ್, ಐಸೋಎಕೋಯಿಕ್ ನಾಡ್ಯೂಲ್, ವೈಡರ್ ದ್ಯಾನ್ ಟಾಲ್, ನೋ ಎಕೋಜೆನಿಕ್ ಫೋಸೈ. ಟೈ-ರಾಡ್ಸ್ 3."

## ಮೊದಲ ಓದಿಗೆ ಏಳುವ ಪ್ರಶ್ನೆಗಳು

ಸ್ಕ್ಯಾನ್ ಮಾಡಿಸಿದ್ದು ಬೇರೆ ಯಾವುದಕ್ಕೋ, ಥೈರಾಯ್ಡಲ್ಲಿ ಗಂಟಿದೆ ಅಂತ ಬಂದಿದೆ. ಇಷ್ಟು ದಿನ ಕೈಗೇ ಸಿಗದಿದ್ದ ಗಂಟು ಈಗೆಲ್ಲಿಂದ ಬಂತು?

ಗಂಟು ಈಗ ಬಂದದ್ದಲ್ಲ, ಈಗ ಕಂಡದ್ದು. ಥೈರಾಯ್ಡ್ ಗ್ರಂಥಿಯು ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳವನ್ನು ಎರಡೂ ಬದಿಯಿಂದ ಅಪ್ಪಿಕೊಂಡಿರುತ್ತದೆ, ಅದರ ಮೇಲೆ ಸ್ನಾಯುಗಳ ಪದರವೂ ಇರುತ್ತದೆ. ಆದ್ದರಿಂದ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ ಗಂಟು ಅನುಭವಿ ವೈದ್ಯರ ಬೆರಳಿಗೂ ಸಾಮಾನ್ಯವಾಗಿ ಸಿಗುವುದಿಲ್ಲ. ಇಂದಿನ ಅಲ್ಟ್ರಾಸೌಂಡ್ ಯಂತ್ರವಾದರೋ ಎರಡು ಮೂರು ಮಿಲಿಮೀಟರಿನದನ್ನೂ ತೋರಿಸುತ್ತದೆ. ರೋಗಲಕ್ಷಣವೇನೂ ಇಲ್ಲದ ವಯಸ್ಕರನ್ನು ಸುಮ್ಮನೆ ಆರಿಸಿ ಅಲ್ಟ್ರಾಸೌಂಡ್ ಮಾಡಿದ ಅಧ್ಯಯನಗಳಲ್ಲಿ ಶೇಕಡಾ 19ರಿಂದ 68ರಷ್ಟು ಮಂದಿಯಲ್ಲಿ ಇಂಥ ಗಂಟುಗಳು ಕಂಡಿವೆ. ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಅವು ಇನ್ನೂ ಹೆಚ್ಚು. ಬೇರೇನನ್ನೋ ಹುಡುಕುವಾಗ ಅಕಸ್ಮಾತ್ತಾಗಿ ಕಂಡದ್ದನ್ನು ವರದಿಯಲ್ಲಿ "ಇನ್ಸಿಡೆಂಟಲ್" ಎಂದು ಬರೆಯುತ್ತೇವೆ. ಆ ಪದ ಗಂಟು ಪತ್ತೆಯಾದ ಬಗೆಯನ್ನು ಹೇಳುತ್ತದೆಯೇ ಹೊರತು ಅದರ ಗುಣವನ್ನಲ್ಲ.

ಟೈ-ರಾಡ್ಸ್ 3 ಅಂದ್ರೆ ಮೂರನೇ ಸ್ಟೇಜಾ, ಡಾಕ್ಟ್ರೇ?

ಅಲ್ಲ. ಈ ಪ್ರಶ್ನೆಯನ್ನು ಕೇಳುವವರ ಮುಖದಲ್ಲಿ ಕಾಣುವ ಭಯವನ್ನು ನೋಡಿದಾಗಲೆಲ್ಲ, ಅಂಕಿಯ ಮುಂದೆ ಒಂದು ವಾಕ್ಯದ ವಿವರಣೆಯನ್ನೂ ಬರೆಯದೆ ವರದಿ ಕೊಡುವುದು ನಮ್ಮ ಕಡೆಯ ಲೋಪವೆಂದೇ ನನಗೆ ಅನ್ನಿಸುತ್ತದೆ. ಸ್ಟೇಜ್ ಎನ್ನುವುದು ಕ್ಯಾನ್ಸರ್ ಇದೆ ಎಂದು ಖಚಿತವಾದ ಮೇಲೆ ಅದು ಎಷ್ಟು ಹರಡಿದೆ ಎಂಬುದನ್ನು ಹೇಳುವ ಅಳತೆ. ಟೈ-ರಾಡ್ಸ್ ಎನ್ನುವುದು ಕ್ಯಾನ್ಸರ್ ಇದೆಯೋ ಇಲ್ಲವೋ ಗೊತ್ತಿಲ್ಲದ ಹಂತದಲ್ಲಿ, ಚಿತ್ರದಲ್ಲಿ ಗಂಟು ಎಷ್ಟು ಅನುಮಾನಕ್ಕೆ ಎಡೆಕೊಡುತ್ತದೆ ಎಂಬುದಕ್ಕೆ ಕೊಡುವ ದರ್ಜೆ. ಅಮೆರಿಕದ ರೇಡಿಯಾಲಜಿ ಕಾಲೇಜು 2017ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ 1 ಎಂದರೆ ನಿರಪಾಯಕಾರಿ, 2 ಎಂದರೆ ಅನುಮಾನವಿಲ್ಲದ್ದು, 3 ಎಂದರೆ ಅಲ್ಪ ಅನುಮಾನ, 4 ಎಂದರೆ ಮಧ್ಯಮ, 5 ಎಂದರೆ ಹೆಚ್ಚಿನ ಅನುಮಾನ. ಮೂರನೆಯ ದರ್ಜೆಗೆ ಬಿದ್ದ ನೂರು ಗಂಟುಗಳಲ್ಲಿ ತೊಂಬತ್ತೈದಕ್ಕೂ ಹೆಚ್ಚು ಗಂಟುಗಳು ಕ್ಯಾನ್ಸರ್ ಅಲ್ಲ.

ನನಗೆ ಮೊದಲೇ ಥೈರಾಯ್ಡ್ ಇದೆ, ದಿನಾ ಮಾತ್ರೆ ತಗೊಳ್ತಿದ್ದೀನಿ. ಅದರಿಂದಲೇ ಗಂಟು ಬಂತಾ? ಡೋಸ್ ಜಾಸ್ತಿ ಮಾಡಿದ್ರೆ ಕರಗುತ್ತಾ?

"ಥೈರಾಯ್ಡ್ ಇದೆ" ಎಂದು ನಾವು ಮಾತಿನಲ್ಲಿ ಹೇಳುವುದು ಗ್ರಂಥಿಯ ಕೆಲಸದ ಏರುಪೇರನ್ನು. ಗಂಟು ಗ್ರಂಥಿಯ ರಚನೆಗೆ ಸಂಬಂಧಿಸಿದ್ದು. ಎರಡೂ ಒಬ್ಬರಲ್ಲೇ ಇರಬಹುದು, ಒಂದಿದ್ದರೆ ಇನ್ನೊಂದು ಇರಲೇಬೇಕೆಂದಿಲ್ಲ. ಗ್ರಂಥಿಯ ಕೆಲಸವನ್ನು ತಿಳಿಸುವ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಗಂಟಿರುವ ಬಹುಪಾಲು ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ಗಂಟನ್ನು ಕುಗ್ಗಿಸಲೆಂದು ಥೈರಾಕ್ಸಿನ್ ಮಾತ್ರೆಯ ಪ್ರಮಾಣ ಏರಿಸುವ ರೂಢಿ ಹಿಂದೆ ಇತ್ತು. ಅದರಿಂದ ಆಗುವ ಲಾಭ ಅತ್ಯಲ್ಪ, ಎದೆಬಡಿತ ಲಯ ತಪ್ಪುವ ಮತ್ತು ಮೂಳೆ ಸವೆಯುವ ಅಪಾಯವಂತೂ ನಿಜ ಎಂದು ಕಂಡುಬಂದ ಮೇಲೆ ಅದನ್ನು ಈಗ ಸಲಹೆ ಮಾಡುವುದಿಲ್ಲ. ನಿಮ್ಮ ಮಾತ್ರೆ ಟಿಎಸ್‌ಎಚ್‌ಗೆ ತಕ್ಕಂತೆ ಇರಲಿ, ಗಂಟಿಗಾಗಿ ಅದನ್ನು ಬದಲಿಸುವುದು ಬೇಡ.

ಎಲೆಕೋಸು, ಹೂಕೋಸು ಬಿಡಬೇಕಾ? ಅಯೋಡಿನ್ ಉಪ್ಪು?

ಏನನ್ನೂ ಬಿಡಬೇಕಿಲ್ಲ. ಬೇಯಿಸಿದ ಪಲ್ಯದ ಪ್ರಮಾಣದಲ್ಲಿ ಕೋಸು ಗಂಟಿನ ಮೇಲೆ ಪರಿಣಾಮ ಬೀರುವುದಿಲ್ಲ. ಅಯೋಡಿನ್ ಸೇರಿಸಿದ ಅಡುಗೆ ಉಪ್ಪನ್ನೇ ಮುಂದುವರಿಸಿ.

## ಸಾಲನ್ನು ಬಿಡಿಸಿ ಓದುವುದು

ಆ ಸಾಲಲ್ಲಿರೋ ಒಂದೊಂದು ಪದಕ್ಕೂ ಅರ್ಥ ಏನು? ಅದರಲ್ಲಿ 3 ಹೇಗೆ ಬಂತು?

"ರೈಟ್ ಲೋಬ್, ಮಿಡ್ ಪೋಲ್" ಎಂದರೆ ಗ್ರಂಥಿಯ ಬಲಭಾಗದ ನಡು, "ನಾಡ್ಯೂಲ್" ಎಂದರೆ ಗಂಟು. ಉಳಿದ ಪದಗಳು ದರ್ಜೆಗೆ ಸಂಬಂಧಿಸಿದವು. ಭುಜದ ಕೆಳಗೆ ದಿಂಬಿಟ್ಟು, ಗಲ್ಲ ಮೇಲೆತ್ತಿಸಿ, ಜೆಲ್ ಹಚ್ಚಿದ ಪ್ರೋಬನ್ನು ಕುತ್ತಿಗೆಯ ಮೇಲೆ ಮೊದಲು ಅಡ್ಡವಾಗಿಯೂ ನಂತರ ಉದ್ದವಾಗಿಯೂ ಆಡಿಸುವಾಗ ನಾವು ಐದು ಸಂಗತಿಗಳನ್ನು ಗಮನಿಸುತ್ತೇವೆ. ಪ್ರತಿಯೊಂದಕ್ಕೂ ಅಂಕವಿದೆ, ಅಂಕಗಳ ಮೊತ್ತವೇ ದರ್ಜೆಯನ್ನು ತೀರ್ಮಾನಿಸುತ್ತದೆ.

ಮೊದಲನೆಯದು ಗಂಟಿನ ಒಳಗೇನಿದೆ ಎಂಬುದು. ಪೂರ್ತಿ ನೀರು ತುಂಬಿದ ಗುಳ್ಳೆಯಾಗಿದ್ದರೆ, ಇಲ್ಲವೇ ಸ್ಪಂಜಿನಂತೆ ಸಣ್ಣ ಸಣ್ಣ ರಂಧ್ರಗಳಿಂದ ಕೂಡಿದ್ದರೆ ಸೊನ್ನೆ. ನೀರೂ ಗಟ್ಟಿಯೂ ಬೆರೆತಿದ್ದರೆ 1. ಗಟ್ಟಿಯಾಗಿದ್ದರೆ, ಅಂದರೆ ವರದಿಯಲ್ಲಿ "ಸಾಲಿಡ್" ಎಂದಿದ್ದರೆ 2. ನಮ್ಮ ಉದಾಹರಣೆಯ ಗಂಟಿಗೆ ಇಲ್ಲಿ 2 ಅಂಕ ಬಂತು.

ಎರಡನೆಯದು ಬಣ್ಣ. ಬಣ್ಣವೆಂದರೆ ಪರದೆಯ ಮೇಲಿನ ಬೂದಿಯ ಛಾಯೆ ಅಷ್ಟೆ. ಸುತ್ತಲಿನ ಥೈರಾಯ್ಡ್ ಅಂಗಾಂಶದಷ್ಟೇ ಬೆಳ್ಳಗೆ ಕಂಡರೆ "ಐಸೋಎಕೋಯಿಕ್", ಹೆಚ್ಚು ಬೆಳ್ಳಗಿದ್ದರೆ "ಹೈಪರ್‌ಎಕೋಯಿಕ್". ಎರಡಕ್ಕೂ 1 ಅಂಕ. ಅಂಗಾಂಶಕ್ಕಿಂತ ಕಪ್ಪಗಿದ್ದರೆ "ಹೈಪೋಎಕೋಯಿಕ್", 2 ಅಂಕ. ಗ್ರಂಥಿಯ ಮುಂದಿರುವ ಸ್ನಾಯುವಿಗಿಂತಲೂ ಕಪ್ಪಗಿದ್ದರೆ 3. ನಮ್ಮ ಗಂಟಿಗೆ 1 ಸೇರಿತು.

ಮೂರನೆಯದು ಗಂಟು ಮಲಗಿದೆಯೋ ನಿಂತಿದೆಯೋ ಎಂಬುದು. ಕುತ್ತಿಗೆಯನ್ನು ಅಡ್ಡಕ್ಕೆ ಸೀಳಿ ನೋಡಿದಂಥ ಚಿತ್ರದಲ್ಲಿ, ಮುಂದಿನಿಂದ ಹಿಂದಕ್ಕಿರುವ ಅಳತೆ ಪಕ್ಕದಿಂದ ಪಕ್ಕಕ್ಕಿರುವ ಅಳತೆಗಿಂತ ದೊಡ್ಡದಾಗಿದ್ದರೆ ಗಂಟು ನಿಂತಿದೆ ಎಂದರ್ಥ. ಸಾಧಾರಣ ಗಂಟುಗಳು ಅಂಗಾಂಶದ ಪದರಗಳ ನಡುವೆ ಮಲಗಿಯೇ ಬೆಳೆಯುತ್ತವೆ, ಪದರಗಳನ್ನು ದಾಟಿ ನಿಂತು ಬೆಳೆಯುವುದು ಅನುಮಾನದ ಲಕ್ಷಣ. ಅದಕ್ಕೇ ಇದೊಂದಕ್ಕೇ 3 ಅಂಕ. ನಮ್ಮ ವರದಿಯ 7, 5, 6 ಎಂಬ ಅಳತೆಗಳಲ್ಲಿ 7 ಮೇಲಿನಿಂದ ಕೆಳಕ್ಕೆ, 5 ಮುಂದಿನಿಂದ ಹಿಂದಕ್ಕೆ, 6 ಪಕ್ಕದಿಂದ ಪಕ್ಕಕ್ಕೆ. 5 ಎನ್ನುವುದು 6ಕ್ಕಿಂತ ಕಡಿಮೆ, ಆದ್ದರಿಂದ ಗಂಟು ಮಲಗಿದೆ, ಅಂಕ ಸೊನ್ನೆ. ಎಲ್ಲ ಕೇಂದ್ರಗಳೂ ಅಳತೆಗಳನ್ನು ಇದೇ ಕ್ರಮದಲ್ಲಿ ಬರೆಯುವುದಿಲ್ಲ, ಹಾಗಾಗಿ ಅಂಕಿಗಳನ್ನು ನೀವೇ ಹೋಲಿಸುವ ಬದಲು "ವೈಡರ್ ದ್ಯಾನ್ ಟಾಲ್" ಎಂಬ ಮಾತಿದೆಯೇ ಎಂದು ನೋಡಿ.

ನಾಲ್ಕನೆಯದು ಅಂಚು. ನುಣುಪಾಗಿದ್ದರೂ ಮಸುಕಾಗಿದ್ದರೂ ಸೊನ್ನೆಯೇ. ಅಂಚು ಗಂಟುಗಂಟಾಗಿದ್ದರೆ ಅಥವಾ ಅಂಕುಡೊಂಕಾಗಿದ್ದರೆ 2, ಗ್ರಂಥಿಯ ಹೊರಗೆ ಚಾಚಿದ್ದರೆ 3. ನಮ್ಮದು "ವೆಲ್ ಡಿಫೈನ್ಡ್", ಸೊನ್ನೆ.

ಐದನೆಯದು ಗಂಟಿನೊಳಗಿನ ಬಿಳಿ ಚುಕ್ಕೆಗಳು. ನೋಡುವವರ ಅನುಭವ ನಿಜವಾಗಿ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ರಾಗಿಕಾಳಿಗಿಂತ ಸಣ್ಣ ಬಿಳಿ ಚುಕ್ಕೆಗಳು ಚದುರಿದ್ದರೆ 3 ಅಂಕ, ಏಕೆಂದರೆ ಥೈರಾಯ್ಡ್ ಕ್ಯಾನ್ಸರಿನ ಒಂದು ಬಗೆಯಾದ ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಕಾಣುವ ಸೂಕ್ಷ್ಮ ಸುಣ್ಣದ ಕಣಗಳು ಅವಾಗಿರಬಹುದು. ಆದರೆ ಗಂಟಿನೊಳಗಿನ ಗಟ್ಟಿಯಾದ ಕೊಲಾಯ್ಡ್ ಅಂಟೂ ಬಿಳಿ ಚುಕ್ಕೆಯಾಗಿಯೇ ಹೊಳೆಯುತ್ತದೆ. ಅದರ ಹಿಂದೆ ಧೂಮಕೇತುವಿನಂತೆ ಒಂದು ಬಾಲ ಎದ್ದು ಕಾಣುತ್ತಿದ್ದರೆ ಅಂಕ ಸೊನ್ನೆ. ಬಾಲ ಕಾಣುತ್ತದೆಯೋ ಇಲ್ಲವೋ ಎಂಬ ಒಂದೇ ಸಂಗತಿಯಿಂದ ಗಂಟಿನ ದರ್ಜೆ ಮೂರರಿಂದ ನಾಲ್ಕಕ್ಕೆ ಹೋಗಬಹುದು. ನಮ್ಮ ಗಂಟಿನಲ್ಲಿ "ನೋ ಎಕೋಜೆನಿಕ್ ಫೋಸೈ", ಚುಕ್ಕೆಯೇ ಇಲ್ಲ, ಸೊನ್ನೆ.

ಒಟ್ಟು 2 ಮತ್ತು 1, ಅಂದರೆ 3. ಮೂರು ಅಂಕ ಬಂದದ್ದು ಮೂರನೆಯ ದರ್ಜೆ. 4ರಿಂದ 6 ಅಂಕವಾದರೆ ನಾಲ್ಕನೆಯದು, 7 ಅಥವಾ ಹೆಚ್ಚಾದರೆ ಐದನೆಯದು. ಈ ಲೆಕ್ಕದಲ್ಲಿ ಗಂಟಿನ ಗಾತ್ರ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಗಾತ್ರದ ಪಾತ್ರ ಮುಂದಿನ ಹೆಜ್ಜೆಯದು: ದರ್ಜೆ ಗೊತ್ತಾದ ಮೇಲೆ ಸೂಜಿ ಹಾಕಿ ಜೀವಕೋಶ ತೆಗೆದು ಪರೀಕ್ಷಿಸಬೇಕೇ, ಮತ್ತೆ ನೋಡಬೇಕೇ, ಬಿಟ್ಟುಬಿಡಬೇಕೇ ಎಂಬುದನ್ನು ಅದು ತೀರ್ಮಾನಿಸುತ್ತದೆ.

ಒಂದು ಕಡೆ ಟೈ-ರಾಡ್ಸ್ 3 ಅಂದ್ರು, ಇನ್ನೊಂದು ಕಡೆ 4ಎ ಅಂದ್ರು. ಯಾರನ್ನ ನಂಬಬೇಕು?

ಟೈ-ರಾಡ್ಸ್ ಎಂಬ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ. ಮೇಲೆ ವಿವರಿಸಿದ ಅಮೆರಿಕದ ಪದ್ಧತಿಯಲ್ಲಿ 4ಎ ಎಂಬ ದರ್ಜೆಯೇ ಇಲ್ಲ. ಹಾಗೆ ಬರೆದಿದ್ದರೆ ಆ ಕೇಂದ್ರದವರು ಬೇರೆ ಪದ್ಧತಿಯನ್ನು ಬಳಸಿದ್ದಾರೆ. ಯುರೋಪಿನದು ಮತ್ತು ಕೊರಿಯಾದದ್ದು ಬೇರೆ ಬೇರೆ. ಆದ್ದರಿಂದ ಎರಡು ವರದಿಗಳ ದರ್ಜೆಗಳನ್ನು ನೇರವಾಗಿ ಹೋಲಿಸಬಾರದು, ವಿವರಣೆಯನ್ನು ಹೋಲಿಸಬೇಕು. ಎರಡರಲ್ಲೂ ಗಟ್ಟಿ, ಸಮಛಾಯೆ, ನುಣುಪು ಅಂಚು, ಚುಕ್ಕೆಯಿಲ್ಲ ಎಂದಿದ್ದರೆ ಭಿನ್ನಾಭಿಪ್ರಾಯವಿರುವುದು ಹೆಸರಿನಲ್ಲಿ ಮಾತ್ರ. ಒಬ್ಬರು ಚುಕ್ಕೆ ಇದೆ ಎಂದು, ಇನ್ನೊಬ್ಬರು ಇಲ್ಲ ಎಂದು ಬರೆದಿದ್ದರೆ ಅದು ನಿಜವಾದ ಭಿನ್ನಾಭಿಪ್ರಾಯ. ಆಗ ಎರಡೂ ಕಡೆಯ ಚಿತ್ರಗಳನ್ನು ಒಬ್ಬರೇ ವೈದ್ಯರ ಮುಂದಿಟ್ಟು ಕೇಳುವುದು ಮೂರನೆಯ ಸ್ಕ್ಯಾನಿಗಿಂತ ಉಪಯುಕ್ತ. ವರದಿಯ ಕಾಗದದ ಜೊತೆಗೆ ಚಿತ್ರಗಳನ್ನೂ ಕೇಳಿ ಪಡೆದುಕೊಳ್ಳಿ.

## ಮುಂದೇನು ಮಾಡಬೇಕು

ಒಂದು ಸಲ ಸೂಜಿ ಹಾಕಿಸಿ ನಿಶ್ಚಿಂತೆಯಾಗಿ ಇದ್ದುಬಿಡಬಾರದಾ?

ಅರ್ಥವಾಗುವ ಆಸೆ, ಆದರೆ ಈ ಗಾತ್ರದಲ್ಲಿ ಸೂಜಿ ಪರೀಕ್ಷೆ ನಿಶ್ಚಿಂತೆಯನ್ನು ತರುವುದಕ್ಕಿಂತ ಕಳೆಯುವುದೇ ಹೆಚ್ಚು. ಅಮೆರಿಕದ ಪದ್ಧತಿಯ ಪ್ರಕಾರ ಮೂರನೆಯ ದರ್ಜೆಯ ಗಂಟಿಗೆ ಎರಡೂವರೆ ಸೆಂಟಿಮೀಟರ್ ಆದಾಗ ಸೂಜಿ ಪರೀಕ್ಷೆ, ಒಂದೂವರೆ ಸೆಂಟಿಮೀಟರ್ ಆದಾಗ ಮರುಸ್ಕ್ಯಾನ್. ನಾಲ್ಕನೆಯ ದರ್ಜೆಗೆ ಈ ಗಡಿಗಳು ಒಂದೂವರೆ ಮತ್ತು ಒಂದು, ಐದನೆಯದಕ್ಕೆ ಒಂದು ಮತ್ತು ಅರ್ಧ. ನಮ್ಮ ಉದಾಹರಣೆಯ ಗಂಟು ಮುಕ್ಕಾಲು ಸೆಂಟಿಮೀಟರೂ ಇಲ್ಲ. ಅದಕ್ಕೆ ಸೂಜಿಯೂ ಬೇಡ, ಈ ನಿಯಮದಂತೆ ನಿಯಮಿತ ಮರುಸ್ಕ್ಯಾನೂ ಬೇಡ.

ಗಡಿ ಇಟ್ಟಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಪರೀಕ್ಷೆಯ ಮಿತಿ. ಎಫ್‌ಎನ್‌ಎಸಿ ಎಂದು ಕರೆಯುವ ಈ ಸೂಜಿ ಪರೀಕ್ಷೆಯ ಫಲಿತಾಂಶ ಹೌದು ಅಥವಾ ಅಲ್ಲ ಎಂದು ಬರುವುದಿಲ್ಲ. ಬೆಥೆಸ್ಡಾ ಎಂಬ ಆರು ವರ್ಗಗಳಲ್ಲಿ ಒಂದಾಗಿ ಬರುತ್ತದೆ. ಅವುಗಳಲ್ಲಿ ಮೊದಲ ವರ್ಗ "ಜೀವಕೋಶ ಸಾಲದು", ಮೂರನೆಯ ವರ್ಗ "ಏನೆಂದು ಹೇಳಲಾಗದು". ಪುಟ್ಟ ಗಂಟಿನಿಂದ ಸಾಕಷ್ಟು ಕೋಶ ಸಿಗದೆ ಮತ್ತೆ ಸೂಜಿ ಹಾಕಿಸಿಕೊಂಡವರನ್ನೂ, ಮೂರನೆಯ ವರ್ಗ ಬಂದು ತಿಂಗಳುಗಟ್ಟಲೆ ನಿದ್ದೆಗೆಟ್ಟವರನ್ನೂ ನಾನು ನೋಡಿದ್ದೇನೆ.

ಎರಡನೆಯದು ಇನ್ನೂ ಗಂಭೀರವಾದದ್ದು. ದಕ್ಷಿಣ ಕೊರಿಯಾದಲ್ಲಿ 1999ರಿಂದ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾದಾಗ, ಸ್ವಲ್ಪ ಹೆಚ್ಚಿನ ಶುಲ್ಕಕ್ಕೆ ಥೈರಾಯ್ಡ್ ಅಲ್ಟ್ರಾಸೌಂಡನ್ನೂ ಆಸ್ಪತ್ರೆಗಳು ಸೇರಿಸಿಕೊಟ್ಟವು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು, ಆದರೆ ಆ ಕಾಯಿಲೆಯಿಂದ ಸಾಯುವವರ ಪ್ರಮಾಣ ಬದಲಾಗಲಿಲ್ಲ. ಪತ್ತೆಯಾದವುಗಳಲ್ಲಿ ಬಹುಪಾಲು ಜೀವಮಾನವಿಡೀ ಸುಮ್ಮನಿರುತ್ತಿದ್ದ ಪುಟ್ಟ ಪ್ಯಾಪಿಲರಿ ಕ್ಯಾನ್ಸರ್‌ಗಳು. ಅವುಗಳಿಗಾಗಿ ಗ್ರಂಥಿ ತೆಗೆಸಿಕೊಂಡವರು ಬದುಕಿಡೀ ಮಾತ್ರೆ ನುಂಗಬೇಕಾಯಿತು, ಕೆಲವರಿಗೆ ಧ್ವನಿತಂತುವಿನ ನರಕ್ಕೆ ಪೆಟ್ಟಾಯಿತು. ನಮ್ಮ ಊರಿನ ಹೆಲ್ತ್ ಚೆಕಪ್ ಪ್ಯಾಕೇಜುಗಳಲ್ಲಿ ಯಾವ ಲಕ್ಷಣವೂ ಇಲ್ಲದವರಿಗೆ ಕುತ್ತಿಗೆಯ ಸ್ಕ್ಯಾನನ್ನು ಸೇರಿಸುವುದನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಹಾಗಾದ್ರೆ ಏನೂ ಮಾಡೋದೇ ಬೇಡ್ವಾ?

ಒಂದು ರಕ್ತಪರೀಕ್ಷೆ ಬೇಕು: ಟಿಎಸ್‌ಎಚ್. ಅದು ಸರಿಯಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ಗಂಟಿನ ವಿಚಾರ ಮೇಲಿನ ಲೆಕ್ಕದಂತೆಯೇ ಸಾಗುತ್ತದೆ. ಕಡಿಮೆಯಿದ್ದರೆ ಮಾತ್ರ, ಗಂಟೇ ತಾನಾಗಿ ಹಾರ್ಮೋನ್ ಉತ್ಪಾದಿಸುತ್ತಿದೆಯೇ ಎಂದು ಯೋಚಿಸಬೇಕಾಗುತ್ತದೆ, ಹಾರ್ಮೋನ್ ತಜ್ಞರಾದ ಎಂಡೋಕ್ರೈನಾಲಜಿಸ್ಟರನ್ನು ಕಾಣಬೇಕಾಗುತ್ತದೆ. ಅದಕ್ಕಾಗಿ ಮಾಡುವ ಐಸೋಟೋಪ್ ಸ್ಕ್ಯಾನ್ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗಂಟನ್ನು ಸರಿಯಾಗಿ ತೋರಿಸುವುದಿಲ್ಲ. ಇಷ್ಟು ಪುಟ್ಟ ಗಂಟೊಂದೇ ಟಿಎಸ್‌ಎಚ್ ಇಳಿಸುವುದೂ ವಿರಳ, ಹಾಗಾಗಿ ಬೇರೆ ಕಾರಣವನ್ನೂ ಹುಡುಕುತ್ತಾರೆ.

ಇಲ್ಲೊಂದು ಎಚ್ಚರಿಕೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ಬಹಳ ಮಂದಿ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಟಿಎಸ್‌ಎಚ್ ನಿಜಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ರಕ್ತ ಕೊಡುವ ಮುಂಚೆ ಕನಿಷ್ಠ 2 ದಿನ ಅದನ್ನು ನಿಲ್ಲಿಸಿ, ತೆಗೆದುಕೊಳ್ಳುತ್ತಿದ್ದುದನ್ನು ವೈದ್ಯರಿಗೂ ತಿಳಿಸಿ.

ಮನಸ್ಸು ತಡೀದೆ ಆರು ತಿಂಗಳಿಗೆ ಇನ್ನೊಂದು ಕಡೆ ಮಾಡಿಸಿದೆ. 7 ಇದ್ದದ್ದು 8 ಆಗಿದೆ. ಬೆಳೀತಿದೆ ಅಲ್ವಾ?

ಬಹುಮಟ್ಟಿಗೆ ಇಲ್ಲ. ಗಂಟಿನ ಅಂಚಿನ ಮೇಲೆ ನಾವು ಪರದೆಯಲ್ಲಿ ಎರಡು ಕಡೆ ಗುರುತಿಟ್ಟು ಅಳೆಯುತ್ತೇವೆ. ಒಬ್ಬರೇ ಎರಡು ಬಾರಿ ಅಳೆದರೂ, ಪ್ರೋಬಿನ ಕೋನ ತುಸು ಬದಲಾದರೂ ಒಂದು ಮಿಲಿಮೀಟರಿನ ವ್ಯತ್ಯಾಸ ಸಹಜ. ಆದ್ದರಿಂದಲೇ ಬೆಳವಣಿಗೆ ಎಂದು ಕರೆಯಲು ಒಂದು ಕಟ್ಟುನಿಟ್ಟಾದ ಅಳತೆಗೋಲಿದೆ: ಮೂರರಲ್ಲಿ ಕನಿಷ್ಠ ಎರಡು ಅಳತೆಗಳು ಶೇಕಡಾ 20ರಷ್ಟು ಹೆಚ್ಚಬೇಕು ಮತ್ತು ಆ ಹೆಚ್ಚಳ ಕನಿಷ್ಠ 2 ಮಿಲಿಮೀಟರ್ ಇರಬೇಕು. ಇಲ್ಲವೇ ಗಂಟಿನ ಒಟ್ಟು ಘನಗಾತ್ರ ಶೇಕಡಾ 50ರಷ್ಟು ಹೆಚ್ಚಬೇಕು.

ನಮ್ಮ ಮಹಿಳೆಯ ಎರಡನೆಯ ವರದಿಯಲ್ಲಿ 8 x 6 x 6 ಎಂದಿದೆ ಎನ್ನೋಣ. 7 ಎನ್ನುವುದು 8 ಆದರೆ ಶೇಕಡಾ 14ರ ಹೆಚ್ಚಳ. 5 ಎನ್ನುವುದು 6 ಆದರೆ ಶೇಕಡಾ 20 ಹೌದು, ಆದರೆ ಹೆಚ್ಚಿದ್ದು ಒಂದೇ ಮಿಲಿಮೀಟರ್. ಮೂರನೆಯದು ಬದಲಾಗಿಯೇ ಇಲ್ಲ. ಇನ್ನು ಘನಗಾತ್ರ. ಮೂರು ಅಳತೆಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಅದು ಸಿಗುತ್ತದೆ:

```
7 x 5 x 6 x 0.52 = 109
8 x 6 x 6 x 0.52 = 150
```

ಉತ್ತರ ಘನ ಮಿಲಿಮೀಟರುಗಳಲ್ಲಿದೆ. 109ರಿಂದ 150 ಎಂದರೆ ಸುಮಾರು ಶೇಕಡಾ 37, ಐವತ್ತಲ್ಲ. ಯಾವ ಲೆಕ್ಕದಲ್ಲೂ ಇದು ಬೆಳವಣಿಗೆ ಅಲ್ಲ. ವೈದ್ಯರು ಯಾವುದೋ ಕಾರಣಕ್ಕೆ ಮರುಸ್ಕ್ಯಾನ್ ಹೇಳಿದ್ದರೆ ಅದೇ ಕೇಂದ್ರಕ್ಕೆ ಹಳೆಯ ಚಿತ್ರಗಳ ಸಮೇತ ಹೋಗಿ. ಕೆಲವು ಕೇಂದ್ರಗಳು 7 ಎಂಎಂ ಎಂದೂ ಕೆಲವು 0.7 ಸೆಂಟಿಮೀಟರ್ ಎಂದೂ ಬರೆಯುವುದರಿಂದ ಘಟಕವನ್ನು ಮೊದಲು ನೋಡಿ; ದಶಾಂಶದ ಚುಕ್ಕೆ ಕಣ್ತಪ್ಪಿ ಏಳು ಸೆಂಟಿಮೀಟರ್ ಎಂದು ಓದಿಕೊಂಡು ಅಳುತ್ತ ಬಂದವರಿದ್ದಾರೆ.

## ವಿನಾಯಿತಿಗಳು

ಸಣ್ಣ ಗಂಟು ಅಂದ್ರೆ ಯಾವತ್ತೂ ಬಿಟ್ಟುಬಿಡಬಹುದು ಅಂತಾನಾ?

ಇಲ್ಲ. ಏಳು ಮಿಲಿಮೀಟರಿನದಾದರೂ ತಜ್ಞರ ಕಣ್ಣಿಗೆ ಬೀಳಲೇಬೇಕಾದ ಸಂದರ್ಭಗಳಿವೆ. ಮೊದಲನೆಯದಾಗಿ, ಗಂಟಿನ ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಯೂ ಅನುಮಾನಾಸ್ಪದವಾಗಿದ್ದರೆ, ಅಂದರೆ ಅದು ಗುಂಡಗಾಗಿ, ನಡುವಿನ ಬಿಳಿ ಕೊಬ್ಬಿನ ಗೆರೆ ಮಾಯವಾಗಿ, ಒಳಗೆ ಚುಕ್ಕೆಗಳೋ ನೀರಿನ ಗುಳ್ಳೆಯೋ ಕಂಡರೆ, ಗಂಟಿನ ಗಾತ್ರಕ್ಕೆ ಅರ್ಥವಿಲ್ಲ. ಆ ದುಗ್ಧಗ್ರಂಥಿಗೇ ಸೂಜಿ ಹಾಕುತ್ತಾರೆ. ನಮ್ಮ ಉದಾಹರಣೆಯ ದವಡೆಯ ಕೆಳಗಿನ ಗೆಡ್ಡೆ ಉದ್ದನೆಯ ಹುರುಳಿಕಾಯಿ ಬೀಜದಂತಿದ್ದು, ನಡುವಿನ ಗೆರೆ ಉಳಿದಿದ್ದರಿಂದಲೇ ಅದನ್ನು ಸಾಮಾನ್ಯ ಎಂದದ್ದು. ಎರಡನೆಯದಾಗಿ, ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು ಮತ್ತು ಹತ್ತಿರದ ರಕ್ತಸಂಬಂಧಿಗಳಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದವರು ಅದನ್ನು ಬಾಯಿಬಿಟ್ಟು ಹೇಳಬೇಕು, ಸ್ಕ್ಯಾನ್ ಚಿತ್ರದಲ್ಲಿ ಅದು ಕಾಣುವುದಿಲ್ಲ. ಮೂರನೆಯದಾಗಿ, ಕಾರಣವಿಲ್ಲದೆ ಧ್ವನಿ ಗಡುಸಾಗಿ ವಾರಗಟ್ಟಲೆ ಸರಿಹೋಗದಿದ್ದರೆ ಕಾಯಬಾರದು.

ನಂದು 7 ಮಿಲಿಮೀಟರ್, ಆದ್ರೆ ಟೈ-ರಾಡ್ಸ್ 5 ಅಂತ ಬಂದಿದೆ. ಆಗ?

ಆಗ ಮಾತು ಬೇರೆ, ಆದರೆ ಆತುರವಿಲ್ಲ. ಐದನೆಯ ದರ್ಜೆಯ ಗಂಟು ಅರ್ಧ ಸೆಂಟಿಮೀಟರ್ ದಾಟಿದ್ದರೆ ವರ್ಷಕ್ಕೊಮ್ಮೆಯಂತೆ 5 ವರ್ಷ ಸ್ಕ್ಯಾನ್ ಮಾಡಿ ನೋಡುವುದು ನಿಯಮ. ಸೂಜಿ ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗೆ. ಅದು ಶ್ವಾಸನಾಳಕ್ಕೆ ಅಂಟಿಕೊಂಡಿದ್ದರೆ ಅಥವಾ ಗ್ರಂಥಿಯ ಹಿಂಬದಿಯಲ್ಲಿ ಧ್ವನಿಪೆಟ್ಟಿಗೆಗೆ ಹೋಗುವ ನರದ ದಾರಿಯಲ್ಲಿದ್ದರೆ ತಜ್ಞರು ಮೊದಲೇ ಸೂಜಿ ಹಾಕಲು ಹೇಳಬಹುದು. ಇಂಥ ಪುಟ್ಟ ಗಂಟು ಕ್ಯಾನ್ಸರ್ ಎಂದು ಖಚಿತವಾದ ಮೇಲೂ ಕೂಡಲೇ ಶಸ್ತ್ರಚಿಕಿತ್ಸೆ ಮಾಡದೆ ಗಮನಿಸುತ್ತ ಹೋಗುವ ಕ್ರಮವನ್ನು ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಿಂದ ನಡೆಸಿಕೊಂಡು ಬಂದಿದೆ. ಹಾಗೆ ಗಮನಿಸಿದ 1,235 ಮಂದಿಯಲ್ಲಿ 10 ವರ್ಷಗಳ ಅವಧಿಗೆ ಗಂಟು 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ಸುಮಾರು ಶೇಕಡಾ 8ರಲ್ಲಿ, ದುಗ್ಧಗ್ರಂಥಿಗೆ ಹರಡಿದ್ದು ಶೇಕಡಾ 4ಕ್ಕಿಂತ ಕಡಿಮೆ ಮಂದಿಯಲ್ಲಿ. ಬೆಳವಣಿಗೆ ಕಂಡ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಚಿಕಿತ್ಸೆ ಫಲಿಸಿತು. ಕಿರಿಯರಲ್ಲಿ ಬೆಳೆಯುವ ಸಾಧ್ಯತೆ ಹಿರಿಯರಿಗಿಂತ ಹೆಚ್ಚು ಎಂಬುದೂ ಅಲ್ಲಿಯೇ ಕಂಡುಬಂತು, ಆದ್ದರಿಂದ 30ರ ಹರೆಯದವರಿಗೂ 65 ದಾಟಿದವರಿಗೂ ಇದೇ ವರದಿಯ ಮೇಲೆ ವೈದ್ಯರು ಬೇರೆ ಬೇರೆ ಸಲಹೆ ಕೊಟ್ಟರೆ ಅದು ಗೊಂದಲವಲ್ಲ.